ಹುಣಸೆ ಫಸಲು: ಬಹಿರಂಗ ಹರಾಜೋ, ಮೊಹರು ಲಕೋಟೆಯೋ?

ಪಂಚಾಯಿತಿಯ ಹುಣಸೆ ಫಸಲಿಗೆ ಮೂವರು ವ್ಯಾಪಾರಿಗಳು ಗರಿಷ್ಠ 60,000, 48,000 ಹಾಗೂ 40,000 ರೂ. ನೀಡಲು ಸಿದ್ಧರಿದ್ದಾರೆಂದು ಭಾವಿಸೋಣ.

ಬಹಿರಂಗ ಹರಾಜಿನಲ್ಲಿ ಎರಡನೆಯವರು 48,000ಕ್ಕೆ ಹಿಂದೆ ಸರಿದೊಡನೆ ಮೊದಲನೆಯವರು 48,500 ಕೂಗಿದರೆ ಸಾಕು, ಫಸಲು ಅವರದು. ಉಳಿದ 11,500 ರೂ. ಅವರ ಜೇಬಿನಲ್ಲಿಯೇ ಉಳಿಯುತ್ತದೆ.

ಮೊಹರು ಲಕೋಟೆಯಲ್ಲಿ ಪ್ರತಿಸ್ಪರ್ಧಿಯ ದರ ಕಾಣದು. ಲಾಭಕ್ಕಾಗಿ ಮೊದಲನೆಯವರು 60,000ಕ್ಕಿಂತ ಕಡಿಮೆಯನ್ನೇ ಬರೆಯುತ್ತಾರೆ. ಆದರೆ ಫಸಲು ಕೈತಪ್ಪುವ ಭಯವಿದ್ದರೆ 52,000 ಬರೆದಾರು. ಪೈಪೋಟಿಯಿಲ್ಲವೆಂದು ಎಣಿಸಿದರೆ 42,000ಕ್ಕೇ ನಿಂತಾರು.

ಒಬ್ಬರೊಡನೆಯೇ ಮಾತುಕತೆಗೆ ಕುಳಿತರೆ ಈ ಭಯವೇ ಇಲ್ಲ. ಫಸಲು ಉದುರಿದರೆ ನಷ್ಟ ಪಂಚಾಯಿತಿಗೇ ಎಂಬುದನ್ನು ಅವರು ಚೆನ್ನಾಗಿ ಬಲ್ಲರು, 35,000ಕ್ಕೂ ಕೇಳಿಯಾರು. ಎಷ್ಟು ಚೌಕಾಶಿ ಮಾಡಿದರೂ ಅದು ಇನ್ನೊಬ್ಬ ಸವಾಲುದಾರನಿಗೆ ಸಮನಾಗುವುದು ವಿರಳ.

ಒಳಒಪ್ಪಂದವಿದ್ದಲ್ಲಿ ಲೆಕ್ಕ ಬೇರೆ. ಬಹಿರಂಗ ಹರಾಜಿನಲ್ಲಿ ಮಾತು ಮೀರಿ ಕೂಗಿದವರು ಅಲ್ಲಿಯೇ ಗುರುತಾಗುತ್ತಾರೆ, ಉಳಿದವರು ಒಡನೆ ಮೇಲೆ ಕೂಗಿ ದಂಡಿಸಬಲ್ಲರು. ಆದ್ದರಿಂದ ಒಪ್ಪಂದ ಗಟ್ಟಿಯಾಗಿರುತ್ತದೆ. ಲಕೋಟೆಯಲ್ಲಿ ಮಾತು ತಪ್ಪಿದ್ದು ತೆರೆಯುವವರೆಗೂ ತಿಳಿಯದು. ಸರ್ಕಾರಿ ಸವಾಲಿನ ಮೇಲೆ ಒಂದೆರಡು ಕೂಗಿಗೇ ಹರಾಜು ನಿಲ್ಲುವುದು, ಅದೇ ಕೆಲವರು ಸರದಿಯಂತೆ ಗೆಲ್ಲುವುದು ಕಂಡುಬಂದಲ್ಲಿ, ನಿಯಮಗಳಲ್ಲಿ ಅವಕಾಶವಿದ್ದರೆ, ಮುಂದಿನ ಫಸಲಿಗೆ ಲಕೋಟೆ ಪದ್ಧತಿಯನ್ನು ಸಭೆಯ ಮುಂದೆ ಮಂಡಿಸಬಹುದು.