‘ಬೆಸ್ಟ್ ಎಫರ್ಟ್ಸ್’ ಎಂದು ಸಹಿ ಹಾಕಿದರೆ ಎಷ್ಟು ಮಾಡಬೇಕು? ಕರಾರಿನ ಅಸ್ಪಷ್ಟ ಪದಗಳನ್ನು ನ್ಯಾಯಾಲಯಗಳು ಓದುವುದು ಹೀಗೆ

ಫ್ಲ್ಯಾಟ್ ಖರೀದಿ ಕರಾರು, ಕಂಪನಿಗಳ ಒಪ್ಪಂದ, ಸಾಫ್ಟ್‌ವೇರ್ ಗುತ್ತಿಗೆ ಯಾವುದನ್ನೇ ತೆರೆದರೂ ಒಂದು ಸಾಲು ಸಿಕ್ಕೇ ಸಿಗುತ್ತದೆ: ಇಂಥ ಕೆಲಸಕ್ಕೆ ‘ರೀಸನೆಬಲ್ ಎಫರ್ಟ್ಸ್’ ಅಂದರೆ ಸಮಂಜಸ ಪ್ರಯತ್ನ ಮಾಡುತ್ತೇವೆ. ಕೆಲವೆಡೆ ಅದೇ ‘ಬೆಸ್ಟ್ ಎಫರ್ಟ್ಸ್’, ಅಂದರೆ ಗರಿಷ್ಠ ಪ್ರಯತ್ನ ಎಂದಾಗುತ್ತದೆ. ಬ್ರಿಟನ್ನಿನ ಕರಾರುಗಳಲ್ಲಿ ಎಫರ್ಟ್ಸ್ ಬದಲು ‘ಎಂಡೆವರ್ಸ್’ ಎಂದು ಬರೆಯುತ್ತಾರೆ. ಸಹಿ ಹಾಕುವಾಗ ಯಾರೂ ಈ ಪದಗಳ ಮೇಲೆ ಕಣ್ಣು ನಿಲ್ಲಿಸುವುದಿಲ್ಲ. ಕೆಲಸ ಕೆಟ್ಟಾಗ ಮಾತ್ರ ಎಲ್ಲರೂ ಆ ಒಂದು ಪದವನ್ನೇ ಹಿಡಿದು ಜಗ್ಗಾಡುತ್ತಾರೆ.

ಹಾಗೆ ಜಗ್ಗಾಡಿದ ಪ್ರಕರಣಗಳಲ್ಲಿ ಕಾನೂನು ವಲಯ ಇಂದಿಗೂ ಉಲ್ಲೇಖಿಸುವುದು ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್ ವಿಮಾನ ನಿಲ್ದಾಣದ ವ್ಯಾಜ್ಯವನ್ನು.

ಏನಿದು ಬ್ಲ್ಯಾಕ್‌ಪೂಲ್ ಪ್ರಕರಣ?

ಅಗ್ಗದ ದರದ ವಿಮಾನಯಾನ ಸಂಸ್ಥೆ ಜೆಟ್2 ಮತ್ತು ಬ್ಲ್ಯಾಕ್‌ಪೂಲ್ ವಿಮಾನ ನಿಲ್ದಾಣ 2005ರಲ್ಲಿ 15 ವರ್ಷಗಳ ಒಪ್ಪಂದ ಮಾಡಿಕೊಂಡವು. ಅದು ಪತ್ರ ರೂಪದ ಚಿಕ್ಕ ಕರಾರು. ಬ್ಲ್ಯಾಕ್‌ಪೂಲ್‌ನಿಂದ ಹೊರಡುವ ಜೆಟ್2ರ ಅಗ್ಗದ ದರದ ಸೇವೆಗಳನ್ನು ಬೆಳೆಸಲು ಇಬ್ಬರೂ ಸಹಕರಿಸಿ ‘ಬೆಸ್ಟ್ ಎಂಡೆವರ್ಸ್’ ಮಾಡಬೇಕು ಎಂದು ಅದರಲ್ಲಿತ್ತು. ನಿಲ್ದಾಣ ಎಷ್ಟು ಗಂಟೆಗೆ ತೆರೆಯಬೇಕು, ಎಷ್ಟಕ್ಕೆ ಮುಚ್ಚಬೇಕು ಎಂಬ ಬಗ್ಗೆ ಒಂದು ಮಾತೂ ಇರಲಿಲ್ಲ.

ನಿಲ್ದಾಣದ ಅಧಿಕೃತ ವೇಳೆ ಬೆಳಗ್ಗೆ 7ರಿಂದ ರಾತ್ರಿ 9. ಆದರೆ ಅಗ್ಗದ ದರದ ಸಂಸ್ಥೆಗೆ ವಿಮಾನ ನೆಲದ ಮೇಲೆ ನಿಂತರೆ ನಷ್ಟ. ಒಂದೇ ವಿಮಾನ ದಿನಕ್ಕೆ ಹೆಚ್ಚು ಬಾರಿ ಹೋಗಿ ಬಂದರೆ ಮಾತ್ರ ಟಿಕೆಟ್ ದರ ಇಳಿಸಲು ಸಾಧ್ಯ. ಹಾಗಾಗಿ ಜೆಟ್2 ವಿಮಾನಗಳು ನಸುಕಿನಲ್ಲಿ ಹೊರಟು ತಡರಾತ್ರಿ ಮರಳುತ್ತಿದ್ದವು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ನಿಲ್ದಾಣವೂ ತಕರಾರಿಲ್ಲದೆ ಬಾಗಿಲು ತೆರೆದಿಟ್ಟಿತು.

ನಂತರ ಲೆಕ್ಕ ಕೈಕೊಟ್ಟಿತು. ಒಂದೆರಡು ವಿಮಾನಗಳಿಗಾಗಿ ನಿಯಂತ್ರಣ ಕೊಠಡಿ, ಅಗ್ನಿಶಾಮಕ, ಭದ್ರತಾ ಸಿಬ್ಬಂದಿಯನ್ನೆಲ್ಲ ಇಟ್ಟುಕೊಳ್ಳುವುದು ದುಬಾರಿ. ನಷ್ಟದಲ್ಲಿದ್ದ ನಿಲ್ದಾಣ 2010ರ ಅಕ್ಟೋಬರ್‌ನಲ್ಲಿ ಸುಮಾರು ಒಂದು ವಾರದ ನೋಟಿಸ್ ಕೊಟ್ಟು, ಇನ್ನು ವೇಳೆ ಮೀರಿದ ವಿಮಾನಗಳನ್ನು ಸ್ವೀಕರಿಸುವುದಿಲ್ಲ ಎಂದಿತು. ಜೆಟ್2 ನ್ಯಾಯಾಲಯದ ಮೆಟ್ಟಿಲೇರಿತು.

ನಿಲ್ದಾಣದ ವಾದ ಎರಡು. ಒಂದು, ‘ಬೆಸ್ಟ್ ಎಂಡೆವರ್ಸ್’ ಎಂಬುದು ಅಳೆಯಲಾಗದಷ್ಟು ಅಸ್ಪಷ್ಟ. ಎರಡು, ಪ್ರಯತ್ನಿಸುತ್ತೇವೆ ಎಂದ ಮಾತ್ರಕ್ಕೆ ಕೈಯಿಂದ ಹಣ ಕಳೆದುಕೊಂಡು ಇನ್ನೊಬ್ಬರ ವ್ಯಾಪಾರ ನಡೆಸಿಕೊಡಬೇಕಿಲ್ಲ.

ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಎರಡೂ ವಾದ ತಳ್ಳಿಹಾಕಿತು. ಆದರೆ ತೀರ್ಪು ಸರ್ವಾನುಮತದ್ದಲ್ಲ, 2-1 ಬಹುಮತದ್ದು. ನ್ಯಾಯಮೂರ್ತಿಗಳಾದ ಮೂರ್-ಬಿಕ್ ಮತ್ತು ಲಾಂಗ್‌ಮೋರ್ ವಿಮಾನಯಾನ ಸಂಸ್ಥೆಯ ಪರ ನಿಂತರೆ, ಲೆವಿಸನ್ ಭಿನ್ನಮತ ಬರೆದರು.

ಬಹುಮತದ ತರ್ಕ ಏನು?

ಬಹುಮತದ ನ್ಯಾಯಮೂರ್ತಿಗಳು ಪ್ರಯತ್ನ ಯಾವ ಗುರಿಗಾಗಿ ಎಂದು ನೋಡಿದರು. ಗುರಿ ಅಗ್ಗದ ದರದ ಸೇವೆ. ನಸುಕಿನಲ್ಲಿ ಮತ್ತು ತಡರಾತ್ರಿ ಹಾರಾಟವಿಲ್ಲದೆ ಅಂಥ ಸೇವೆ ನಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಗಿದ್ದ ಮೇಲೆ ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದರೆ ಸೇವೆ ಬೆಳೆಸುವ ಪ್ರಯತ್ನ ಎನ್ನಿಸಿಕೊಳ್ಳುವುದಿಲ್ಲ. ನಿಲ್ದಾಣಕ್ಕೆ ನಷ್ಟವಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ ಎಂದರು.

ಇಲ್ಲಿ ಅವರು ಮಾಡಿದ ಒಂದು ವಿಂಗಡಣೆ ಮುಖ್ಯ. ಅರ್ಥವೇ ಹೊರಡದಷ್ಟು ಮಸುಕಾದ ಷರತ್ತು ಬೇರೆ, ಮಿತಿ ಎಲ್ಲಿದೆ ಎಂದು ಮೊದಲೇ ಹೇಳಲಾಗದ ಷರತ್ತು ಬೇರೆ. ಮೊದಲನೆಯದು ಯಾರನ್ನೂ ಕಟ್ಟಿಹಾಕದು. ಎರಡನೆಯದು ಕಟ್ಟಿಹಾಕುತ್ತದೆ, ಏಕೆಂದರೆ ಎದುರಿಗೊಂದು ಘಟನೆ ಬಂದಾಗ ಅದು ಮಿತಿಯ ಒಳಗೋ ಹೊರಗೋ ಎಂದು ನಿರ್ಧರಿಸಬಹುದು.

ಹಾಗೆಂದು ನಿಲ್ದಾಣ ಕೊನೆಯವರೆಗೂ ನಷ್ಟ ಹೊರುತ್ತಲೇ ಇರಬೇಕು ಎಂದೂ ಅವರು ಹೇಳಲಿಲ್ಲ. ಎಷ್ಟೇ ಪ್ರಯತ್ನಿಸಿದರೂ ಬ್ಲ್ಯಾಕ್‌ಪೂಲ್‌ನಿಂದ ಅಗ್ಗದ ಸೇವೆ ಲಾಭಕ್ಕೆ ಬಾರದು ಎಂಬುದು ಖಚಿತವಾದರೆ ಮಾತು ಬೇರೆ ಎಂಬ ಅವಕಾಶ ಉಳಿಸಿದರು. ಭಿನ್ನಮತ ಬರೆದ ಲೆವಿಸನ್ ಅವರ ಆಕ್ಷೇಪ ಇದ್ದದ್ದೂ ಇಲ್ಲಿಯೇ. ಕರಾರಿನಲ್ಲಿ ವೇಳೆಯ ಮಾತೇ ಇಲ್ಲದಿರುವಾಗ, ಎಷ್ಟು ಹೊತ್ತು ತೆರೆಯಬೇಕು, ಎಷ್ಟು ನಷ್ಟ ತಾಳಬೇಕು ಎಂಬುದನ್ನು ಯಾವ ಅಳತೆಗೋಲಿನಿಂದ ಹೇಳುವುದು ಎಂಬುದು ಅವರ ಪ್ರಶ್ನೆ.

ಎರಡು ಪದಗಳ ನಡುವೆ ವ್ಯತ್ಯಾಸ ಎಷ್ಟು?

ಇಂಗ್ಲೆಂಡಿನ ಹೈಕೋರ್ಟ್ 2007ರಲ್ಲಿ ರೋಡಿಯಾ ಮತ್ತು ಹಂಟ್ಸ್‌ಮನ್ ಕಂಪನಿಗಳ ವ್ಯಾಜ್ಯದಲ್ಲಿ ಇದಕ್ಕೆ ಸರಳ ಉತ್ತರ ಕೊಟ್ಟಿತ್ತು. ಗುರಿ ಮುಟ್ಟಲು ಸಮಂಜಸವಾದ ಹಲವು ದಾರಿಗಳಿದ್ದರೆ, ‘ರೀಸನೆಬಲ್’ ಎಂದವರು ಅವುಗಳಲ್ಲಿ ಒಂದನ್ನು ಹಿಡಿದರೆ ಬಹುಶಃ ಸಾಕು. ‘ಬೆಸ್ಟ್’ ಎಂದವರು ಸಮಂಜಸವಾದ ಎಲ್ಲ ದಾರಿಗಳನ್ನೂ ತುಳಿದು ನೋಡಬೇಕು.

‘ಎಲ್ಲ ದಾರಿ’ ಎಂದರೆ ಏನೆಂಬುದಕ್ಕೆ 1980ರ ಐಬಿಎಂ ಮತ್ತು ರಾಕ್‌ವೇರ್ ಗ್ಲಾಸ್ ಪ್ರಕರಣ ಉದಾಹರಣೆ. ಜಮೀನು ಖರೀದಿಸುವ ಐಬಿಎಂ, ಕಟ್ಟಡ ಪರವಾನಗಿ ಪಡೆಯಲು ‘ಬೆಸ್ಟ್ ಎಂಡೆವರ್ಸ್’ ಮಾಡುವುದಾಗಿ ಒಪ್ಪಿತ್ತು. ಸ್ಥಳೀಯ ಆಡಳಿತದಿಂದ ಪರವಾನಗಿ ಸಿಗಲಿಲ್ಲ. ಐಬಿಎಂ ಅಲ್ಲಿಗೇ ನಿಲ್ಲಿಸಿತು, ಸಂಬಂಧಿಸಿದ ಸಚಿವರಿಗೆ ಮೇಲ್ಮನವಿ ಸಲ್ಲಿಸಲಿಲ್ಲ. ಮೇಲ್ಮನವಿ ಗೆಲ್ಲುವ ಸಾಧ್ಯತೆ ಇದ್ದಾಗ ಅದನ್ನು ಬಿಟ್ಟಿದ್ದು ಗರಿಷ್ಠ ಪ್ರಯತ್ನವಲ್ಲ ಎಂದು ನ್ಯಾಯಾಲಯ ಹೇಳಿತು. ಅರ್ಜಿ ಹಾಕಿದೆವು, ಸಿಗಲಿಲ್ಲ ಎನ್ನುವುದು ಅಲ್ಲಿ ನಡೆಯಲಿಲ್ಲ.

ಆದರೆ ಈ ಮೆಟ್ಟಿಲು ಎಲ್ಲ ದೇಶಗಳಲ್ಲೂ ಇಲ್ಲ. ಅಮೆರಿಕದ ಹಲವು ದೊಡ್ಡ ಕಂಪನಿಗಳು ನೋಂದಾಯಿಸಿರುವ ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟ್, 2017ರಲ್ಲಿ ವಿಲಿಯಮ್ಸ್ ಮತ್ತು ಎನರ್ಜಿ ಟ್ರಾನ್ಸ್‌ಫರ್ ವಿಲೀನದ ವ್ಯಾಜ್ಯದಲ್ಲಿ ಇಂಥ ಪ್ರಶ್ನೆ ಎದುರಿಸಿತು. ಒಂದೇ ಒಪ್ಪಂದದಲ್ಲಿ ಒಂದು ಕಡೆ ‘ಕಮರ್ಷಿಯಲಿ ರೀಸನೆಬಲ್ ಎಫರ್ಟ್ಸ್’, ಇನ್ನೊಂದು ಕಡೆ ‘ರೀಸನೆಬಲ್ ಬೆಸ್ಟ್ ಎಫರ್ಟ್ಸ್’ ಎಂದಿತ್ತು. ಎರಡೂ ಸಮಂಜಸವಾದ ಎಲ್ಲ ಹೆಜ್ಜೆಗಳನ್ನು ಇಡುವ ಹೊಣೆಯನ್ನೇ ಹೊರಿಸುತ್ತವೆ ಎಂದು ಕೋರ್ಟ್ ಓದಿತು. ಹಾಗಾಗಿ ವಕೀಲರು ವಿಶೇಷಣ ಬದಲಿಸಿದರೆ ಹೊಣೆಯೂ ಬದಲಾಗುತ್ತದೆ ಎಂದು ಭಾವಿಸುವಂತಿಲ್ಲ.

ಪ್ರಯತ್ನಕ್ಕೆ ಗೆರೆ ಎಲ್ಲಿ?

2024ರ ಮೇ ತಿಂಗಳಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್ ಇನ್ನೊಂದು ಗೆರೆ ಎಳೆಯಿತು. ಹಡಗು ಕಂಪನಿ ಎಂಯುಆರ್, ಗಿನಿ ದೇಶದಿಂದ ಉಕ್ರೇನ್‌ಗೆ ಬಾಕ್ಸೈಟ್ ಅದಿರು ಸಾಗಿಸಲು ಆರ್‌ಟಿಐ ಎಂಬ ಕಂಪನಿಯೊಂದಿಗೆ ಕರಾರು ಮಾಡಿಕೊಂಡಿತ್ತು. ಪಾವತಿ ಡಾಲರ್‌ನಲ್ಲಿ. 2018ರಲ್ಲಿ ಆರ್‌ಟಿಐನ ಮಾತೃ ಸಂಸ್ಥೆಯ ಮೇಲೆ ಅಮೆರಿಕ ನಿರ್ಬಂಧ ಹೇರಿದ್ದರಿಂದ ಡಾಲರ್ ಪಾವತಿಗೆ ತೊಡಕಾಯಿತು. ಕರಾರಿನಲ್ಲಿದ್ದ ಅನಿರೀಕ್ಷಿತ ಅಡಚಣೆಯ ಷರತ್ತನ್ನು ಬಳಸಿ ಎಂಯುಆರ್ ಕೆಲಸ ನಿಲ್ಲಿಸಿತು. ಆದರೆ ‘ರೀಸನೆಬಲ್ ಎಂಡೆವರ್ಸ್’ನಿಂದ ಮೀರಬಹುದಾದ ಅಡಚಣೆಗೆ ಈ ವಿನಾಯಿತಿ ಇಲ್ಲ ಎಂದು ಅದೇ ಷರತ್ತು ಹೇಳುತ್ತಿತ್ತು.

ಯೂರೋದಲ್ಲಿ ಕೊಡುತ್ತೇವೆ, ಬದಲಾವಣೆಯ ಖರ್ಚೂ ನಮ್ಮದೇ ಎಂದಿತು ಆರ್‌ಟಿಐ. ಒಪ್ಪಿಕೊಂಡಿದ್ದರೆ ಎಂಯುಆರ್‌ಗೆ ನಷ್ಟವಿರಲಿಲ್ಲ. ಹಾಗಾಗಿ ಯೂರೋ ಸ್ವೀಕರಿಸುವುದೇ ಸಮಂಜಸ ಪ್ರಯತ್ನವಾಗಿತ್ತು ಎಂದು ವ್ಯಾಜ್ಯ ಕೇಳಿದ ಮಧ್ಯಸ್ಥಗಾರರು, ಅಂದರೆ ಆರ್ಬಿಟ್ರೇಟರ್‌ಗಳು ತೀರ್ಮಾನಿಸಿದರು. ಹೈಕೋರ್ಟ್ ಅದನ್ನು ಬದಲಿಸಿತು, ಮೇಲ್ಮನವಿ ನ್ಯಾಯಾಲಯ ಮತ್ತೆ ತಿರುಗಿಸಿತು. ಕೊನೆಗೆ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಎಂಯುಆರ್ ಪರ ತೀರ್ಪು ಕೊಟ್ಟಿತು. ಸಮಂಜಸ ಪ್ರಯತ್ನ ಎಂದರೆ ಕರಾರಿನಲ್ಲಿ ಇರುವುದನ್ನು ಸಾಧಿಸುವ ಪ್ರಯತ್ನ. ಕರಾರಿನಲ್ಲಿ ಇಲ್ಲದ್ದನ್ನು ಒಪ್ಪಿಕೊಳ್ಳಿ ಎಂದು ಹೇಳಬೇಕಾದರೆ ಅದಕ್ಕೆ ಸ್ಪಷ್ಟ ಪದಗಳಿರಬೇಕು ಎಂಬುದು ಅದರ ನಿಲುವು.

ಬ್ಲ್ಯಾಕ್‌ಪೂಲ್ ತೀರ್ಪಿನೊಂದಿಗೆ ಇದನ್ನು ಇಟ್ಟು ನೋಡಿದರೆ ಗೆರೆ ಸ್ಪಷ್ಟವಾಗುತ್ತದೆ. ಕೊಟ್ಟ ಮಾತಿನ ಗುರಿಗಾಗಿ ಖರ್ಚು ಮಾಡಬೇಕಾಗಬಹುದು. ಆದರೆ ಕರಾರಿನಲ್ಲಿ ಪಡೆದಿರುವ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ.

ಭಾರತದಲ್ಲಿ ಹೇಗೆ?

1872ರ ಭಾರತೀಯ ಕರಾರು ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ, ಅರ್ಥ ಖಚಿತವಿಲ್ಲದ ಮತ್ತು ಖಚಿತಪಡಿಸಿಕೊಳ್ಳಲೂ ಆಗದ ಒಪ್ಪಂದ ಅಸಿಂಧು. ಯಾವ ಎಣ್ಣೆ ಎಂದು ಹೇಳದೆ ‘ನೂರು ಟನ್ ಎಣ್ಣೆ’ ಮಾರುವ ಒಪ್ಪಂದ ಕಾಯ್ದೆಯೇ ಕೊಡುವ ಉದಾಹರಣೆ. ಮಾರುವವರು ತೆಂಗಿನೆಣ್ಣೆಯ ವ್ಯಾಪಾರಿ ಮಾತ್ರ ಆಗಿದ್ದರೆ ಅರ್ಥ ಹೊರಡುತ್ತದೆ, ಒಪ್ಪಂದ ನಿಲ್ಲುತ್ತದೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಸುತ್ತಲಿನ ಸಂದರ್ಭದಿಂದ ಅರ್ಥ ಹುಡುಕುವ ಈ ದಾರಿ ಬ್ಲ್ಯಾಕ್‌ಪೂಲ್‌ನ ಬಹುಮತ ಹಿಡಿದ ದಾರಿಗೆ ಹತ್ತಿರವಾಗಿದೆ.

ಒಂದು ದೊಡ್ಡ ವ್ಯತ್ಯಾಸವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಮಧ್ಯಸ್ಥಗಾರರ ತೀರ್ಪಿನ ವಿರುದ್ಧ ಕಾನೂನಿನ ಪ್ರಶ್ನೆಯ ಮೇಲೆ ಕೋರ್ಟಿಗೆ ಹೋಗಲು ಸೀಮಿತ ಅವಕಾಶವಿದೆ. ಎಂಯುಆರ್ ಹೋಗಿದ್ದು ಹಾಗೆಯೇ. ಭಾರತದಲ್ಲಿ ಕರಾರಿನ ಅರ್ಥ ಹೇಳುವುದು ಮುಖ್ಯವಾಗಿ ಮಧ್ಯಸ್ಥಗಾರರ ಕೆಲಸ. ಅವರು ಮಾಡಿದ ಅರ್ಥ ಸಾಧ್ಯವಿರುವ ಅರ್ಥಗಳಲ್ಲಿ ಒಂದಾಗಿದ್ದರೆ, ತಮಗೆ ಬೇರೆ ಅರ್ಥ ಸರಿ ಎನಿಸಿದರೂ ಕೋರ್ಟುಗಳು ಕೈಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ‘ರೀಸನೆಬಲ್ ಎಫರ್ಟ್ಸ್’ಗೆ ಒಬ್ಬ ಮಧ್ಯಸ್ಥಗಾರ ಹೇಳಿದ ಅರ್ಥವೇ ಬಹುತೇಕ ಕೊನೆಯ ಮಾತಾಗಬಹುದು.

ಫ್ಲ್ಯಾಟ್ ಖರೀದಿಸುವವರಿಗೆ ಏನರ್ಥ?

ಪುಣೆಯ ಹೊರವಲಯದಲ್ಲಿ ಒಬ್ಬರು ಫ್ಲ್ಯಾಟ್ ಖರೀದಿಸುತ್ತಾರೆ ಎಂದುಕೊಳ್ಳಿ. ಪಾಲಿಕೆಯ ನೀರಿನ ಸಂಪರ್ಕಕ್ಕೆ ಬಿಲ್ಡರ್ ‘ರೀಸನೆಬಲ್ ಎಫರ್ಟ್ಸ್’ ಮಾಡುತ್ತಾರೆ ಎಂದು ಕರಾರಿನಲ್ಲಿದೆ. ಎರಡು ವರ್ಷವಾದರೂ ಟ್ಯಾಂಕರ್ ನೀರೇ ಗತಿ. ಸಂಪರ್ಕ ಬಂದಿಲ್ಲ ಎಂಬುದಷ್ಟೇ ಇಲ್ಲಿ ಕರಾರು ಉಲ್ಲಂಘನೆಯಲ್ಲ. ಅರ್ಜಿ ಯಾವಾಗ ಹೋಯಿತು, ಶುಲ್ಕ ಕಟ್ಟಿದರೇ, ಪಾಲಿಕೆ ಕೇಳಿದ ದಾಖಲೆಗಳನ್ನು ಕೊಟ್ಟರೇ, ತಿರಸ್ಕರಿಸಿದ್ದರೆ ಮುಂದೇನು ಮಾಡಿದರು ಎಂಬುದನ್ನೇ ತೀರ್ಪುಗಾರರು ನೋಡುತ್ತಾರೆ. ಕಡತದಲ್ಲಿ ಒಂದೇ ಅರ್ಜಿ, ಆಮೇಲೆ ಮೌನ ಎಂದಾದರೆ ಬಿಲ್ಡರ್ ವಾದ ದುರ್ಬಲವಾಗುತ್ತದೆ.

ಇದೇ ಸಾಲು ‘ಇಂಥ ದಿನಾಂಕದೊಳಗೆ ಸಂಪರ್ಕ ಕೊಡಿಸುತ್ತೇವೆ’ ಎಂದಿದ್ದರೆ ಪ್ರಯತ್ನದ ಚರ್ಚೆಯೇ ಏಳುವುದಿಲ್ಲ. ಫ್ಲ್ಯಾಟ್ ಹಸ್ತಾಂತರದ ವಿಷಯದಲ್ಲಿ ರೇರಾ ಕಾಯ್ದೆಯ 18ನೇ ಸೆಕ್ಷನ್ ಹೀಗೆಯೇ ಕೆಲಸ ಮಾಡುತ್ತದೆ. ಒಪ್ಪಿದ ದಿನಾಂಕಕ್ಕೆ ಮನೆ ಕೊಡದಿದ್ದರೆ ಖರೀದಿದಾರರು ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಈ ಹಕ್ಕಿಗೆ ಷರತ್ತುಗಳಿಲ್ಲ ಎಂದು 2021ರ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಲ್ಡರ್ ಎಷ್ಟು ಪ್ರಯತ್ನಪಟ್ಟರು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ದಿನಾಂಕ ಬರೆಯಲು ಎದುರಿನವರು ಒಪ್ಪದಿದ್ದರೆ, ಪ್ರಯತ್ನದ ಪಕ್ಕದಲ್ಲೇ ಕನಿಷ್ಠ ಹೆಜ್ಜೆಗಳನ್ನು ಬರೆಸಬಹುದು: ಎಷ್ಟು ದಿನದೊಳಗೆ ಅರ್ಜಿ, ತಿರಸ್ಕೃತವಾದರೆ ಮೇಲ್ಮನವಿ, ಎಷ್ಟು ಮೊತ್ತದವರೆಗೆ ಖರ್ಚು ಯಾರದು. ಬ್ಲ್ಯಾಕ್‌ಪೂಲ್‌ನ ಕರಾರಿನಲ್ಲಿ ನಿಲ್ದಾಣ ತೆರೆಯುವ ಹೊತ್ತಿನ ಬಗ್ಗೆ ಇಂಥ ಒಂದು ಸಾಲು ಇದ್ದಿದ್ದರೆ, ಮೂವರು ನ್ಯಾಯಮೂರ್ತಿಗಳು ಅದರ ಅರ್ಥ ಹುಡುಕುತ್ತಾ ಎರಡು ಭಾಗವಾಗುವ ಪ್ರಮೇಯ ಬರುತ್ತಿರಲಿಲ್ಲ.