ಪರದೆಯ ಮೇಲಿನ ದುಡ್ಡು, ಕೈಗೆ ಬರುವ ದುಡ್ಡು

ಆನ್‌ಲೈನ್ ಕ್ಯಾಸಿನೊಗಳ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರುವುದು ಬೋನಸ್. ನೀವು 100 ಪೌಂಡ್ ಕಟ್ಟಿ, ನಾವು 100 ಪೌಂಡ್ ಸೇರಿಸುತ್ತೇವೆ ಅನ್ನುತ್ತದೆ ಕಂಪನಿ. ದುಡ್ಡು ಕಟ್ಟಿದ ಮರುಕ್ಷಣ ಪರದೆಯ ಮೇಲೆ 200 ಎಂದು ಕಾಣುತ್ತದೆ. ಆ 200ರಲ್ಲಿ ಎಷ್ಟು ತನ್ನದು, ಎಷ್ಟು ಕಂಪನಿಯದು ಎಂಬುದು ಆಟಗಾರನಿಗೆ ಆಗ ಗೊತ್ತಾಗುವುದಿಲ್ಲ. ಗೆದ್ದು, ದುಡ್ಡು ತೆಗೆಯಲು ಗುಂಡಿ ಒತ್ತಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಷರತ್ತು ಓದಿ ಪ್ರಯೋಜನವಿಲ್ಲ.

ಬೋನಸ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಕ್ಯಾಶಬಲ್: ಹೇಳಿದಷ್ಟು ಆಟ ಆಡಿ ಮುಗಿಸಿದರೆ ಬೋನಸ್ ದುಡ್ಡೂ ಆಟಗಾರನದೇ ಆಗುತ್ತದೆ, ಉಳಿದದ್ದನ್ನೆಲ್ಲ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಬಹುದು. ಇನ್ನೊಂದು ಸ್ಟಿಕಿ: ಎಷ್ಟೇ ಆಡಿದರೂ ಬೋನಸ್ ಖಾತೆಗೇ ಅಂಟಿಕೊಂಡಿರುತ್ತದೆ. ದುಡ್ಡು ತೆಗೆಯುವ ಹೊತ್ತಿಗೆ ಕಂಪನಿ ತನ್ನ 100 ಪೌಂಡ್ ಕಳೆದುಕೊಂಡು ಮಿಕ್ಕದ್ದನ್ನು ಕೊಡುತ್ತದೆ. ಸ್ಟಿಕಿ ಬೋನಸ್ ಎಂದರೆ ಮದುವೆಮನೆಗೆ ಎರವಲು ತಂದ ಒಡವೆಯಂತೆ, ಹಾಕಿಕೊಂಡು ಓಡಾಡಬಹುದು, ಮಾರಲಾಗದು.

ಎರಡಕ್ಕೂ ಪಣದ ಷರತ್ತು ಇದ್ದೇ ಇರುತ್ತದೆ. ಬೋನಸ್‌ನ ಇಷ್ಟು ಪಟ್ಟು ಮೊತ್ತವನ್ನು ಆಟಕ್ಕೆ ಹಾಕಿ ತಿರುಗಿಸಬೇಕು ಎಂಬ ಷರತ್ತು ಅದು. 100 ಪೌಂಡ್ ಬೋನಸ್‌ಗೆ ಹತ್ತು ಪಟ್ಟು ಎಂದಿದ್ದರೆ ಒಟ್ಟು 1,000 ಪೌಂಡ್‌ನಷ್ಟು ಪಣ ಕಟ್ಟಬೇಕು. ಅಂದರೆ ಕೈಯಿಂದ 1,000 ಪೌಂಡ್ ಹಾಕಬೇಕೆಂದಲ್ಲ. ಒಂದೊಂದು ಪೌಂಡ್‌ನಂತೆ ಸ್ಲಾಟ್ ಯಂತ್ರವನ್ನು ಸಾವಿರ ಸಲ ತಿರುಗಿಸಿದರೆ ಸಾಕು, ನಡುವೆ ಗೆದ್ದದ್ದನ್ನೇ ಮತ್ತೆ ಹಾಕಬಹುದು. ಆದರೆ ಪ್ರತಿ ತಿರುಗಿಗೂ ಕಂಪನಿಯ ಪಾಲು ಕತ್ತರಿಸಿಹೋಗುತ್ತಿರುತ್ತದೆ. 96 ಪ್ರತಿಶತ ಮರಳಿಸುತ್ತದೆ ಎನ್ನುವ ಸ್ಲಾಟ್ ಆಟದಲ್ಲಿ ದೀರ್ಘಕಾಲದ ಸರಾಸರಿಯಂತೆ 100 ಪೌಂಡ್ ಪಣಕ್ಕೆ 4 ಪೌಂಡ್ ಹೋಗುತ್ತದೆ. 1,000 ಪೌಂಡ್ ತಿರುಗಿಸಿದರೆ ಹೋಗುವುದು 40.

ಲಂಡನ್ನಿನಲ್ಲಿ ಕೆಲಸಕ್ಕಿರುವ ಇಬ್ಬರು ಗೆಳೆಯರನ್ನು ಕಲ್ಪಿಸಿಕೊಳ್ಳೋಣ. ಇಬ್ಬರೂ 100 ಪೌಂಡ್ ಕಟ್ಟಿದ್ದಾರೆ, ಇಬ್ಬರಿಗೂ 100 ಪೌಂಡ್ ಬೋನಸ್ ಬಂದಿದೆ, ಇಬ್ಬರಿಗೂ ಹತ್ತು ಪಟ್ಟಿನ ಷರತ್ತು. ಒಬ್ಬನದು ಕ್ಯಾಶಬಲ್, ಇನ್ನೊಬ್ಬನದು ಸ್ಟಿಕಿ. ಅದೃಷ್ಟ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಸರಾಸರಿಯಂತೆ ನಡೆದರೆ, ಷರತ್ತು ಮುಗಿದಾಗ ಇಬ್ಬರ ಪರದೆಯ ಮೇಲೂ 160 ಪೌಂಡ್ ಇರುತ್ತದೆ. ಮೊದಲನೆಯವನು 160 ತೆಗೆಯುತ್ತಾನೆ. ಎರಡನೆಯವನು ಗುಂಡಿ ಒತ್ತಿದ ಕೂಡಲೇ 100 ಮಾಯವಾಗಿ 60 ಮಾತ್ರ ಬರುತ್ತದೆ.

ಆ 60ನ್ನು ಇನ್ನೊಂದು ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಬೋನಸ್ಸೇ ತೆಗೆದುಕೊಳ್ಳದೆ, ತನ್ನ 100 ಪೌಂಡ್ ಇಟ್ಟುಕೊಂಡು ಅಷ್ಟೇ ಸಾವಿರ ಸಲ ತಿರುಗಿಸಿದ್ದರೆ ಅವನಿಗೆ ಸರಾಸರಿ ಉಳಿಯುತ್ತಿದ್ದದ್ದೂ 60 ಪೌಂಡೇ. ಹಾಗಾದರೆ ಆ ನೂರು ಪೌಂಡ್ ಬೋನಸ್ ಕೊಟ್ಟದ್ದೇನು? ಸಾಧಾರಣವಾಗಿ ಸಾಗಿದ ಆಟದಲ್ಲಿ ಏನೂ ಇಲ್ಲ. ಬೋನಸ್ ಇಲ್ಲದಿದ್ದರೆ ಅವನು ಸಾವಿರ ಸಲ ತಿರುಗಿಸುವ ಗೊಡವೆಗೇ ಹೋಗುತ್ತಿರಲಿಲ್ಲ ಎಂಬುದನ್ನೂ ಸೇರಿಸಿ ನೋಡಿದರೆ, ಆ ನಲವತ್ತು ಪೌಂಡ್ ನಷ್ಟಕ್ಕೆ ಬೋನಸ್ಸೇ ಕಾರಣ.

ಸ್ಟಿಕಿ ಬೋನಸ್ ನಿಜವಾಗಿ ಕೆಲಸಕ್ಕೆ ಬರುವುದು ಒಂದೇ ಸಂದರ್ಭದಲ್ಲಿ. ಆಟ ಕೆಟ್ಟದಾಗಿ ಶುರುವಾಗಿ ಬ್ಯಾಲೆನ್ಸ್ 70ಕ್ಕೆ ಇಳಿಯಿತು ಎನ್ನಿ. ಸ್ವಂತದ 100 ಪೂರ್ತಿ ಹೋಗಿ, ಬೋನಸ್‌ನಲ್ಲೂ 30 ಕರಗಿದೆ. ಬೋನಸ್ ಇಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. ಉಳಿದ 70ರಲ್ಲೇ ಆಡುತ್ತ ಹೋಗಿ, ಒಂದು ದೊಡ್ಡ ಗೆಲುವು ಬಂದು ಬ್ಯಾಲೆನ್ಸ್ 230 ಆದರೆ 130 ಕೈಗೆ ಬರುತ್ತದೆ. ಅಂದರೆ ಅದು ಮುಳುಗಿದವನಿಗೆ ಇನ್ನೊಂದು ಉಸಿರು ಕೊಡುವ ದುಡ್ಡು. ಅದೇ ಆಟ 90ರಲ್ಲಿ ನಿಂತರೆ ಏನಾಗುತ್ತದೆ? ಕ್ಯಾಶಬಲ್ ಗೆಳೆಯ ಷರತ್ತು ಮುಗಿಸಿದ್ದರೆ 90 ಪೌಂಡ್ ತೆಗೆದುಕೊಂಡು ಹೋಗುತ್ತಾನೆ. ಸ್ಟಿಕಿಯವನ ಪರದೆಯ ಮೇಲೂ 90 ಎಂದೇ ಇರುತ್ತದೆ, ತೆಗೆಯಲು ಸಿಗುವುದು ಸೊನ್ನೆ. ಈ 90ನ್ನು ಏನು ಮಾಡಬೇಕು? ಆಡುವುದೊಂದೇ ದಾರಿ. ನಿಲ್ಲಿಸಬೇಕೆಂದು ಮನಸ್ಸು ಮಾಡಿದವನನ್ನೂ ಮತ್ತೆ ಆಟಕ್ಕೆ ಕೂರಿಸುವುದು ಈ ಏರ್ಪಾಡೇ. ನನ್ನ ದೃಷ್ಟಿಯಲ್ಲಿ ಸ್ಟಿಕಿ ಬೋನಸ್‌ನ ಅತಿ ಕೆಟ್ಟ ಗುಣ ಇದು.

ಮುಳುಗುವ ಸಾಧ್ಯತೆ ಹೆಚ್ಚಿದ್ದಷ್ಟೂ ಸ್ಟಿಕಿ ಬೋನಸ್‌ನ ಬೆಲೆ ಹೆಚ್ಚು ಎಂಬುದು ಇದರಿಂದ ಹೊರಡುವ ವಿಚಿತ್ರ ಸತ್ಯ. ಪಣದ ಷರತ್ತೇ ಇಲ್ಲದ ಸ್ಟಿಕಿ ಬೋನಸ್ ಒಂದಿದೆ ಎಂದುಕೊಂಡು, ಪೂರ್ತಿ 200ನ್ನು ಒಂದೇ ಸೊನ್ನೆಯಿರುವ ಯುರೋಪಿನ ರೂಲೆಟ್ ಚಕ್ರದಲ್ಲಿ ಕೆಂಪಿನ ಮೇಲೆ ಒಮ್ಮೆಗೇ ಇಟ್ಟರೆ, ಗೆಲ್ಲುವ ಅವಕಾಶ 37ರಲ್ಲಿ 18. ಗೆದ್ದರೆ 400, ಬೋನಸ್ ಕಳೆದು ಕೈಗೆ 300. ಸೋತರೆ ಹೋದದ್ದು ಸ್ವಂತದ 100 ಮಾತ್ರ. ಸರಾಸರಿ ತೆಗೆದರೆ 146 ಪೌಂಡ್ ಸುಮಾರು, ಆಟಗಾರನಿಗೇ ಲಾಭ. ಲೆಕ್ಕ ಬಲ್ಲ ಕೆಲವರು ಇದನ್ನೇ ಕಸುಬು ಮಾಡಿಕೊಂಡಾಗ ಕಂಪನಿಗಳು ಬಾಗಿಲು ಹಾಕಿದವು. ಬೋನಸ್ ಇರುವಷ್ಟು ಕಾಲ ಒಂದು ಪಣ 5 ಪೌಂಡ್ ಮೀರಬಾರದು ಎಂಬಂಥ ಮಿತಿ, ರೂಲೆಟ್ ಮತ್ತು ಬ್ಲ್ಯಾಕ್‌ಜಾಕ್ ಪಣಗಳಲ್ಲಿ ಹತ್ತನೆಯ ಒಂದು ಭಾಗ ಮಾತ್ರ ಲೆಕ್ಕಕ್ಕೆ ಎಂಬಂಥ ನಿಯಮ ಇವೆಲ್ಲ ಆ ಬಾಗಿಲಿನ ಚಿಲಕಗಳು. ಈ ಮಿತಿಗಳನ್ನು ತಿಳಿಯದೆ ಒಂದೇ ಒಂದು ಸಲ ಮೀರಿದರೂ ಗೆದ್ದದ್ದನ್ನೆಲ್ಲ ರದ್ದು ಮಾಡುವ ಅಧಿಕಾರವನ್ನು ಹಲವು ಕಂಪನಿಗಳು ಷರತ್ತಿನಲ್ಲಿ ಬರೆದಿಟ್ಟುಕೊಂಡಿರುತ್ತವೆ. ಹೀಗಾಗಿ ಸ್ಟಿಕಿ ಬೋನಸ್‌ಗೆ ಬೆಲೆ ತಂದುಕೊಡುವ ಒಂದೇ ದಾರಿಯೂ ಆಟಗಾರನಿಗೆ ತೆರೆದಿಲ್ಲ.

ಹಾಗೆಂದು ಕ್ಯಾಶಬಲ್ ಬೋನಸ್ ಯಾವಾಗಲೂ ಒಳ್ಳೆಯದು ಎನ್ನುವಂತಿಲ್ಲ, ಷರತ್ತಿನ ಪಟ್ಟು ಏರಿದಂತೆ ಅದೂ ಕರಗುತ್ತದೆ. ಮೊದಲಿನ ಗೆಳೆಯನಿಗೆ ಹತ್ತರ ಬದಲು 35 ಪಟ್ಟು ಇತ್ತೆನ್ನಿ. ತಿರುಗಿಸಬೇಕಾದದ್ದು 3,500 ಪೌಂಡ್, ಸರಾಸರಿ ನಷ್ಟ 140. ಇನ್ನೂರರಲ್ಲಿ ಉಳಿಯುವುದು 60, ಅವನು ಕಟ್ಟಿದ್ದಕ್ಕಿಂತ 40 ಕಡಿಮೆ. ಹೆಸರಿಗೆ ಕ್ಯಾಶಬಲ್, ಕೈಗೆ ಬಂದದ್ದು ಹತ್ತು ಪಟ್ಟಿನ ಸ್ಟಿಕಿಯಷ್ಟೇ. ಅದೇ 35 ಪಟ್ಟಿನ ಸ್ಟಿಕಿಯಾದರೆ ಸರಾಸರಿ ಬ್ಯಾಲೆನ್ಸ್ ಬೋನಸ್‌ಗಿಂತ ಕೆಳಗೆ ಬಿದ್ದಿರುತ್ತದೆ, ತೆಗೆಯಲು ಏನೂ ಉಳಿದಿರುವುದಿಲ್ಲ. ಇವೆಲ್ಲ ಸರಾಸರಿಗಳು ಎಂಬುದು ನೆನಪಿರಲಿ. ನಿಜದ ಆಟದಲ್ಲಿ ಬಹಳ ಜನರ ದುಡ್ಡು ಷರತ್ತು ಮುಗಿಯುವ ಮೊದಲೇ ಸೊನ್ನೆಯಾಗುತ್ತದೆ, ಕೆಲವರು ಮಾತ್ರ ದೊಡ್ಡದಾಗಿ ಗೆಲ್ಲುತ್ತಾರೆ. ಬೋನಸ್‌ನ ಜೊತೆಗೆ ಕಟ್ಟಿದ ದುಡ್ಡನ್ನೂ ಸೇರಿಸಿ ಪಟ್ಟು ಹಾಕುವ ಕಂಪನಿಗಳೂ ಇವೆ. ಆಗ 35 ಪಟ್ಟು ಎಂದರೆ 7,000 ಪೌಂಡ್.

ಕೈಗೆ ಬರುವ ಮೊತ್ತವನ್ನು ನಿರ್ಧರಿಸುವ ಇನ್ನೊಂದು ಸಂಗತಿಯಿದೆ. ಆಟಕ್ಕೆ ಮೊದಲು ಯಾವ ದುಡ್ಡು ಹೋಗುತ್ತದೆ? ಕೆಲವು ಕಡೆ ಎರಡೂ ಕಲೆತು ಒಂದೇ ಬ್ಯಾಲೆನ್ಸ್ ಆಗಿಬಿಡುತ್ತವೆ. ಶುರುವಿನಲ್ಲೇ ಗೆದ್ದು ಎದ್ದುಹೋಗಬೇಕೆಂದರೂ ಷರತ್ತು ಮುಗಿಯುವ ತನಕ ಬಿಡುವುದಿಲ್ಲ, ಅಥವಾ ಬೋನಸ್ ಮತ್ತು ಗೆಲುವು ಎರಡನ್ನೂ ಬಿಟ್ಟುಕೊಡಬೇಕು. ಇನ್ನು ಕೆಲವು ಕಡೆ ಸ್ವಂತ ದುಡ್ಡು ಮೊದಲು ಖರ್ಚಾಗುತ್ತದೆ, ಬೋನಸ್ ಬೇರೆಯಾಗಿ ಕಾದಿರುತ್ತದೆ. ಇಲ್ಲಿ ಸ್ವಂತದ 100 ಆಟದ ಮೊದಲ ಹತ್ತು ನಿಮಿಷದಲ್ಲೇ 180 ಆದರೆ, ಬೋನಸ್ ಬೇಡವೆಂದು ಹೇಳಿ 180ನ್ನೂ ತೆಗೆದುಕೊಂಡು ಹೊರಡಬಹುದು. ಎರಡು ಬಗೆಗಳ ನಡುವಿನ ವ್ಯತ್ಯಾಸ ಬೋನಸ್‌ನ ಮೊತ್ತಕ್ಕಿಂತ ಎಷ್ಟೋ ದೊಡ್ಡದು.

ಬ್ರಿಟನ್ನಿನಲ್ಲಿ ಈ ಎರಡನೆಯ ಬಗೆ ಸಿಗುವುದಕ್ಕೆ ಅಲ್ಲಿನ ಸ್ಪರ್ಧಾ ಪ್ರಾಧಿಕಾರದ ತನಿಖೆ ದೊಡ್ಡ ಕಾರಣ. 2018ರ ಫೆಬ್ರವರಿಯಲ್ಲಿ ಲ್ಯಾಡ್‌ಬ್ರೋಕ್ಸ್, ವಿಲಿಯಂ ಹಿಲ್ ಮತ್ತು ಪಿಟಿ ಎಂಟರ್‌ಟೇನ್‌ಮೆಂಟ್ ಎಂಬ ಮೂರು ಕಂಪನಿಗಳು ತಮ್ಮ ಪದ್ಧತಿ ಬದಲಿಸುವುದಾಗಿ ಅದಕ್ಕೆ ಒಪ್ಪಿಕೊಂಡವು. ತನ್ನದೇ ದುಡ್ಡನ್ನು ತೆಗೆಯಲು ಆಟಗಾರ ಮತ್ತೆ ಮತ್ತೆ ಪಣ ಕಟ್ಟಬೇಕು ಎನ್ನುವಂತಿಲ್ಲ ಎಂಬುದು ಅದರ ಮುಖ್ಯಾಂಶ. ಪಣದ ಷರತ್ತಿಗೂ ಈಗ ಲಗಾಮು ಬಿದ್ದಿದೆ. ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ 2026ರ ಜನವರಿ 19ರಿಂದ ಹತ್ತು ಪಟ್ಟಿಗಿಂತ ಹೆಚ್ಚು ಕೇಳಬಾರದೆಂದು ನಿಯಮ ತಂದಿದೆ. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ನೂರು ಪೌಂಡ್ ಬೋನಸ್‌ನ ಹಿಂದೆ ಕಳೆದುಹೋಗುವ ಸರಾಸರಿ 140 ಪೌಂಡ್ ಇದರಿಂದ 40ಕ್ಕೆ ಇಳಿಯಿತು. ಬೋನಸ್ ಸ್ಟಿಕಿಯಾಗಿರಬಾರದು ಎಂದೇನೂ ಈ ಮಿತಿ ಹೇಳುವುದಿಲ್ಲ. ಹಾಗಾಗಿ ಬೋನಸ್ ಯಾವ ಬಗೆಯದೆಂದು ತಿಳಿಯುವ ಕೆಲಸ ಆಟಗಾರನ ಪಾಲಿಗೆ ಇನ್ನೂ ಇದೆ.

ತಿಳಿಯುವುದು ಹೇಗೆ? ಜಾಹೀರಾತಿನಲ್ಲಿ ಸ್ಟಿಕಿ ಎಂದು ಯಾರೂ ಬರೆಯುವುದಿಲ್ಲ. ಷರತ್ತುಗಳ ಪುಟದಲ್ಲಿ "non-withdrawable" ಅಥವಾ "for wagering purposes only" ಎಂಬ ಮಾತು ಕಂಡರೆ ಅದು ಸ್ಟಿಕಿ. ಅದರ ಪಕ್ಕದಲ್ಲೇ ಗರಿಷ್ಠ ಎಷ್ಟು ಗೆಲುವನ್ನು ತೆಗೆಯಬಹುದು ಎಂಬ ಸಾಲು ಇದೆಯೇ ಎಂದೂ ನೋಡಬೇಕು. ಬೋನಸ್‌ನ ಐದು ಪಟ್ಟು ಮಾತ್ರ ಎಂದಿದ್ದರೆ, 2,000 ಪೌಂಡ್ ಗೆದ್ದವನಿಗೂ ಸಿಗುವುದು 500. ಸ್ಪಷ್ಟವಾಗದಿದ್ದರೆ ದುಡ್ಡು ಕಟ್ಟುವ ಮೊದಲೇ ಗ್ರಾಹಕ ವಿಭಾಗಕ್ಕೆ ಒಂದು ಪ್ರಶ್ನೆ ಬರೆದು ಕೇಳುವುದು ಒಳ್ಳೆಯದು: ಷರತ್ತು ಮುಗಿದ ಮೇಲೆ ನನ್ನ ಬ್ಯಾಲೆನ್ಸ್ 160 ಇದ್ದರೆ ನಾನು ತೆಗೆಯಬಹುದಾದದ್ದು ಎಷ್ಟು? ಸಂಖ್ಯೆಯಲ್ಲಿ ಕೇಳಿದರೆ ಜಾರಿಕೊಳ್ಳುವ ಉತ್ತರ ಕೊಡುವುದು ಕಷ್ಟ. ಬಂದ ಉತ್ತರವನ್ನು ಉಳಿಸಿಟ್ಟುಕೊಂಡರೆ ಮುಂದೆ ದೂರು ಕೊಡುವಾಗ ಕೆಲಸಕ್ಕೆ ಬರುತ್ತದೆ.

ದೂರು ಕೊಡಲು ಒಂದು ಕಚೇರಿ ಇದೆ ಎಂಬುದು ಬ್ರಿಟನ್ನಿನ ಆಟಗಾರನಿಗಿರುವ ಅನುಕೂಲ. ಭಾರತದಲ್ಲಿ ಕೂತು ಆಡುವವನಿಗೆ ಅದೂ ಇಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೂ ಶಿಕ್ಷೆಯಿದೆ. ಹಾಗಿದ್ದೂ ಮೊಬೈಲಿಗೆ ಶೇಕಡ ನೂರು, ಇನ್ನೂರು ಬೋನಸ್ ಎಂಬ ಸಂದೇಶ ಬಂದರೆ, ಅದನ್ನು ಕಳಿಸಿದ ಜಾಲತಾಣ ಈ ದೇಶದ ಕಾನೂನಿನ ಹೊರಗಿದೆ ಎಂದೇ ತಿಳಿಯಬೇಕು. ಅಲ್ಲಿ ಬ್ಯಾಲೆನ್ಸ್‌ನಲ್ಲಿ ಎಷ್ಟು ಕಂಡರೂ, ತೆಗೆಯುವ ಹೊತ್ತಿಗೆ ಹೊಸದೊಂದು ಷರತ್ತು ಮುಂದಿಟ್ಟರೆ ಕೇಳಿ ಕೊಡಿಸುವ ನಿಯಂತ್ರಣ ಸಂಸ್ಥೆ ಇಲ್ಲಿ ಯಾವುದೂ ಇಲ್ಲ.