ರಾಮುವಿನ ಮಾತಿಗೆ ಸರಿಯಾದ ಸಬ್‌ಟೈಟಲ್

ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಹೇಳಿ ಮಾಡಿಸಿದಂಥ ಚಿತ್ರ 1985ರ ‘ಬೆಟ್ಟದ ಹೂವು’. ನಿರ್ದೇಶನ ಎನ್. ಲಕ್ಷ್ಮೀನಾರಾಯಣ್ ಅವರದು, ರಾಮು ಆಗಿ ಬಾಲಕ ಪುನೀತ್. ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡುಹೂ ಹುಡುಕಿ ಕಾಸು ಕೂಡಿಟ್ಟ ಹುಡುಗ, ಕೊನೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಆ ಕಂಬಳಿಯ ತೂಕ ಮಗುವಿಗೆ ತಿಳಿಯಬೇಕಾದರೆ ಸಬ್‌ಟೈಟಲ್ ಚೆನ್ನಾಗಿರಲೇಬೇಕು.

ಇಂಥ ಹಳೆಯ ಚಿತ್ರ ಸಿಕ್ಕಾಗ ಮೊದಲು ಸೆಟ್ಟಿಂಗ್ಸ್ ತೆರೆದು ನೋಡಬೇಕು. ಯೂಟ್ಯೂಬ್‌ನಲ್ಲಿ ಭಾಷೆಯ ಹೆಸರಿನ ಪಕ್ಕ auto-generated ಎಂದಿದ್ದರೆ ಅದು ಯಂತ್ರ ಕೇಳಿ ಬರೆದದ್ದು. ಹಳೆಯ ಧ್ವನಿಮುದ್ರಣದ ಗರಗರ, ಹಳ್ಳಿಯ ಮಾತು ಎರಡೂ ಸೇರಿದರೆ ಅದು ಸುಲಭವಾಗಿ ದಾರಿ ತಪ್ಪುತ್ತದೆ. ಮನುಷ್ಯರು ಬರೆದದ್ದಾದರೆ ಒಂದು ಹಾಡನ್ನೂ ಒಂದು ಜಗಳವನ್ನೂ ನೋಡಿದರೆ ಸಾಕು. ಹಾಡಿಗೆ ಸಾಲುಗಳೇ ಇಲ್ಲದಿದ್ದರೆ, ಮಾವ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರೂ ‘ಅಂಕಲ್’ ಆಗಿಬಿಟ್ಟಿದ್ದರೆ, ಬೇರೆ ಪ್ರತಿ ಹುಡುಕುವುದು ಮೇಲು.

ಬೇರೆಯಾಗಿ ಇಳಿಸಿಕೊಂಡ .srt ಕಡತದ ತೊಂದರೆ ಇನ್ನೊಂದು ಬಗೆಯದು. ಐದನೇ ನಿಮಿಷದಲ್ಲೂ ಒಂದು ಗಂಟೆಯ ಹೊತ್ತಿಗೂ ಸಾಲು ಎರಡೇ ಸೆಕೆಂಡು ತಡವಾಗಿದ್ದರೆ, ವಿಎಲ್‌ಸಿಯಲ್ಲಿ G ಮತ್ತು H ಕೀಲಿ ಒತ್ತಿ ಹಿಂದೆ ಮುಂದೆ ಸರಿಸಬಹುದು. ಅಂತರ ಹೊತ್ತು ಹೋದಂತೆ ಬೆಳೆಯುತ್ತಿದ್ದರೆ, ಪ್ರತಿಯ ವೇಗವೇ ಬೇರೆ ಇರಬೇಕು: ಸೆಕೆಂಡಿಗೆ 24 ಚೌಕಟ್ಟಿನ ಚಿತ್ರಕ್ಕೆ 25ರ ಕಡತ ಹಾಕಿದರೆ ಗಂಟೆಯೊಳಗೆ ಎರಡು ನಿಮಿಷಕ್ಕೂ ಹೆಚ್ಚು ಜಾರುತ್ತದೆ. ನಡುವೆ ಥಟ್ಟನೆ ತಪ್ಪಿದರೆ, ಆ ಪ್ರತಿಯಲ್ಲಿ ಹಾಡೋ ದೃಶ್ಯವೋ ಕತ್ತರಿಸಿಹೋಗಿರುವ ಸಾಧ್ಯತೆಯೇ ಹೆಚ್ಚು.